ಕ್ಯಾಮೆರಾ ಸಾಕ್ಷಿಯಲ್ಲ, ನೀವು ಸಾಕ್ಷಿ

‘ನನ್ನ ಕಾರಲ್ಲಿ ಡ್ಯಾಶ್‌ಕ್ಯಾಮ್ ಇದೆ, ಅದೇ ಸಾಕ್ಷಿ’ ಎನ್ನುವವರು ಹೆಚ್ಚುತ್ತಿದ್ದಾರೆ. ಕನ್ನಡದಲ್ಲಿ ಸಾಕ್ಷಿ ಬೇರೆ, ಸಾಕ್ಷ್ಯ ಬೇರೆ. ಕ್ಯಾಮೆರಾ ಕೊಡುವುದು ಸಾಕ್ಷ್ಯ. ಕಟಕಟೆ ಹತ್ತಿ ಪಾಟೀಸವಾಲು ಎದುರಿಸಬೇಕಾದ ಸಾಕ್ಷಿ ಅದರ ಒಡೆಯ. ಅಪಘಾತವಾದ ಗಂಟೆಯೊಳಗೆ ವಿಡಿಯೊವನ್ನು ವಾಟ್ಸಾಪ್‌ಗೆ ಹಾಕುವ ನಮ್ಮ ಚಾಳಿ ಈ ಎರಡನ್ನೂ ಕೆಡಿಸುತ್ತದೆ ಎಂಬುದು ನನ್ನ ತಕರಾರು.

ಒಂದು ಸಂದರ್ಭ ಊಹಿಸಿಕೊಳ್ಳಿ. ರಾತ್ರಿ ಸಾತಾರಾದಿಂದ ಪುಣೆಗೆ ಬರುತ್ತಿದ್ದ ಕಾರಿಗೆ, ಪಕ್ಕದಿಂದ ನುಗ್ಗಿದ ಬೈಕ್ ತಗುಲುತ್ತದೆ. ಕ್ಯಾಮೆರಾ ಮೂರು ಮೂರು ನಿಮಿಷದ ಫೈಲುಗಳನ್ನು ಬರೆಯುತ್ತಿದೆ. ಡಿಕ್ಕಿಯ ಕುಲುಕಾಟಕ್ಕೆ ಅದರೊಳಗಿನ ಸೆನ್ಸರ್ ಆ ಒಂದು ಫೈಲನ್ನು ಅಳಿಯದಂತೆ ಬೀಗ ಹಾಕುತ್ತದೆ. ಹಿಂದಿನ ಫೈಲಿಗೆ ಆ ಭಾಗ್ಯವಿಲ್ಲ. ಕಾರ್ಡ್ ತುಂಬಿದಂತೆ ಹೊಸದು ಅದರ ಮೇಲೆ ಬಂದು ಕೂರುತ್ತದೆ. ಕಾರು ಎಷ್ಟು ವೇಗದಲ್ಲಿತ್ತು, ಮೊದಲೇ ಲೇನ್ ಬದಲಿಸಿತ್ತೇ ಎಂಬುದೆಲ್ಲ ಇದ್ದದ್ದು ಅದರಲ್ಲೇ. ಮಾಲೀಕರು ಇಪ್ಪತ್ತು ಸೆಕೆಂಡು ಕತ್ತರಿಸಿ ಗುಂಪಿಗೆ ಕಳಿಸಿ, ಅದೇ ಕ್ಯಾಮೆರಾದೊಂದಿಗೆ ವಾರವಿಡೀ ಓಡಾಡುತ್ತಾರೆ. ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ: ಉಳಿದದ್ದೆಲ್ಲಿ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ನಕಲು ಪ್ರತಿ ಕೊಡುವಾಗ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ಸಾಧನ ಯಾರ ವಶದಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರದು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸಿ ಕಳಿಸಿದ ಕೂಡಲೇ ಬೆರಳಚ್ಚು ಬೇರೆಯಾಗುತ್ತದೆ, ಮೂಲಕ್ಕೆ ತಾಳೆಯಾಗದು. ಮೂಲ ಕಾರ್ಡನ್ನೇ ಅದರ ಒಡೆಯ ನ್ಯಾಯಾಲಯಕ್ಕೆ ತಂದು ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡ ಎಂದು, ಹಳೆಯ ಕಾಯ್ದೆಯಡಿ 2020ರ ಅರ್ಜುನ್ ಪಂಡಿತರಾವ್ ಖೋತಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ಡಿಕ್ಕಿಯಾದ ತಕ್ಷಣ ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆದಿಡಿ. ಪೊಲೀಸರು ವಶಪಡಿಸಿಕೊಂಡರೆ ಪಂಚನಾಮೆಯ ಪ್ರತಿ ಕೇಳಿ. ಕ್ಯಾಮೆರಾದ ಗಡಿಯಾರ ತಪ್ಪು ತೋರಿಸುತ್ತಿದ್ದರೆ ಎಷ್ಟು ನಿಮಿಷ ಹಿಂದೆ ಮುಂದೆ ಎಂದು ಅಂದೇ ಬರೆದಿಡಿ, ಸರಿಪಡಿಸಲು ಹೋಗಬೇಡಿ.

ಇನ್ನು ಖಾಸಗಿತನ. ‘ನನ್ನ ಒಪ್ಪಿಗೆಯಿಲ್ಲದೆ ತೆಗೆದ ವಿಡಿಯೊ ನಡೆಯದು’ ಎಂಬ ವಾದ ಕೋರ್ಟಿನಲ್ಲಿ ಸುಲಭಕ್ಕೆ ನಿಲ್ಲದು. ಅಕ್ರಮವಾಗಿ ಪಡೆದದ್ದೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ತಳ್ಳಿಹೋಗದು ಎಂಬುದು 1972ರ ಮಲ್ಕಾನಿ ತೀರ್ಪಿನಿಂದಲೂ ಇರುವ ನಿಲುವು. ಆದರೆ ಕೋರ್ಟಿಗೆ ಕೊಡುವುದೂ ಊರಿಗೆ ಹಂಚುವುದೂ ಒಂದೇ ಅಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯ ಸ್ವಂತ, ಮನೆಬಳಕೆಯ ಉದ್ದೇಶಕ್ಕೆ ವಿನಾಯಿತಿ ಕೊಡುತ್ತದೆ. ರಸ್ತೆಯಲ್ಲಿ ಬಿದ್ದು ನರಳುವವನ ಮುಖವನ್ನೂ ನಂಬರ್ ಪ್ಲೇಟನ್ನೂ ಸಾವಿರಾರು ಜನಕ್ಕೆ ತೋರಿಸುವುದನ್ನು ಮನೆಬಳಕೆ ಎನ್ನಲು ನನಗಂತೂ ಬಾಯಿ ಬರದು. ಕಾರೊಳಗಿನ ಮೈಕ್ ಹಿಂದಿನ ಸೀಟಿನವರ ಮಾತನ್ನೂ ಹಿಡಿದಿರುತ್ತದೆ. ಟ್ಯಾಕ್ಸಿ ಓಡಿಸುವವರು ಅದನ್ನು ಮೊದಲೇ ಬಂದ್ ಮಾಡಿಡುವುದು ಲೇಸು.

ವಿಡಿಯೊ ನಿಮ್ಮದೇ ತಪ್ಪು ತೋರಿಸಿದರೆ? ಆಗಲೂ ಅಳಿಸುವಂತಿಲ್ಲ. ಕೋರ್ಟಿನ ಮುಂದೆ ಬರದಿರಲೆಂದು ಎಲೆಕ್ಟ್ರಾನಿಕ್ ದಾಖಲೆ ನಾಶಪಡಿಸುವುದೇ ಪ್ರತ್ಯೇಕ ಅಪರಾಧ.