ಮಾರಿದ ಬಂಡಿಯ ಹಳೆಯ ಯಜಮಾನ

ಮನೆಯನ್ನಾಗಲಿ ನಿವೇಶನವನ್ನಾಗಲಿ ಮಾರಿದ ಮೇಲೆ ಖಾತೆ ಬದಲಾಯಿತೇ ಇಲ್ಲವೇ ಎಂದು ವಿಚಾರಿಸದೆ ಸುಮ್ಮನಿರುವ ಗೃಹಸ್ಥರು ಬಸವನಗುಡಿಯಲ್ಲಿಯಾಗಲಿ ಮಲ್ಲೇಶ್ವರದಲ್ಲಿಯಾಗಲಿ ಬಹಳ ಮಂದಿ ಸಿಕ್ಕಲಾರರು. ಖಾತೆಯಲ್ಲಿ ತಮ್ಮ ಹೆಸರು ಉಳಿದಿರುವ ತನಕ ಕಂದಾಯದ ನೋಟೀಸು ತಮ್ಮ ಬಾಗಿಲಿಗೇ ಬರುವುದೆಂಬುದನ್ನು ಅವರು ಬಲ್ಲರು. ಆದರೆ ಇದೇ ಗೃಹಸ್ಥರು ತಮ್ಮ ಸ್ಕೂಟರನ್ನೋ ಕಾರನ್ನೋ ಮಾರುವಾಗ, ಹಣವನ್ನೆಣಿಸಿಕೊಂಡು, ಎರಡು ಖಾಲಿ ಫಾರಂಗಳಿಗೆ ರುಜು ಹಾಕಿ, ನೋಂದಣಿ ಪತ್ರವನ್ನೂ ಬೀಗದ ಕೈಯನ್ನೂ ದಲ್ಲಾಳಿಯ ಕೈಗಿತ್ತು, "ಇನ್ನು ನಮಗೂ ಅದಕ್ಕೂ ಸಂಬಂಧವಿಲ್ಲ" ಎಂದು ನಿಶ್ಚಿಂತರಾಗುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಸಂಬಂಧವು ಹರಿದಿರುವುದಿಲ್ಲ. ಆ ಸಂಬಂಧವು ಎಷ್ಟು ದೂರ ಬೆನ್ನಟ್ಟಿ ಬರಬಲ್ಲುದೆಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನ ಮೂಲಕ ವಾಚಕರ ಗಮನಕ್ಕೆ ತರಲು ಬಯಸುತ್ತೇವೆ.

2009ರ ಮೇ ತಿಂಗಳ 27ರ ಬೆಳಿಗ್ಗೆ ಒಂದು ಕಾರು ಹಿಂದಕ್ಕೆ ಚಲಿಸುತ್ತ ಬೀದಿಯಲ್ಲಿದ್ದ ಒಬ್ಬ ಮಹಿಳೆಯನ್ನೂ ಆಕೆಯ ಬಂಧುವಾದ ಬಾಲಕನನ್ನೂ ಹೊಡೆಯಿತು. ಬಾಲಕನು ಮೃತನಾದನು, ಮಹಿಳೆಗೆ ಗಾಯಗಳಾದುವು. ಪರಿಹಾರದ ಮೊಕದ್ದಮೆಯಾದಾಗ ನೋಂದಣಿ ಪತ್ರದಲ್ಲಿ ಯಾರ ಹೆಸರಿದ್ದಿತೋ ಆತನು ಮುಂದೆ ಬಂದು, "ನಾನು ಈ ಕಾರನ್ನು 2007ರ ಜುಲೈಯಲ್ಲಿಯೇ ಮಾರಿಬಿಟ್ಟಿರುವೆನು" ಎಂದನು. ಕೊಂಡವನು ತಾನೂ ಇನ್ನೊಬ್ಬನಿಗೆ ಮಾರಿದೆನೆಂದನು. ಆ ಇನ್ನೊಬ್ಬನು ಮತ್ತೊಬ್ಬನನ್ನು ತೋರಿಸಿದನು. ಅವನಾದರೋ ಮಗುದೊಬ್ಬನನ್ನು ತೋರಿಸಿದನು. ಹೀಗೆ ಕಾರು ಕೈಯಿಂದ ಕೈಗೆ ಹೋಗಿದ್ದಿತೇ ಹೊರತು, ಕಚೇರಿಯ ದಾಖಲೆಯಲ್ಲಿ ಮೊದಲನೆಯವನ ಹೆಸರು ಅಳಿದಿರಲಿಲ್ಲ. ಅದಕ್ಕೂ ಮಿಗಿಲಾಗಿ, ಅಪಘಾತದ ದಿನ ಆ ಕಾರಿಗೆ ವಿಮೆಯೇ ಇರಲಿಲ್ಲ. ಆದುದರಿಂದ ಪರಿಹಾರದ ಹಣವು ಯಾರಾದರೂ ಒಬ್ಬರ ಸ್ವಂತ ಗಂಟಿನಿಂದಲೇ ಬರಬೇಕಾಗಿದ್ದಿತು.

ನ್ಯಾಯಮಂಡಳಿಯು ನೋಂದಾಯಿತ ಮಾಲೀಕನನ್ನು ಹೊಣೆ ಮಾಡಿತು. ಹೈಕೋರ್ಟು ಅದನ್ನು ಬದಲಿಸಿ, ಕೊನೆಗೆ ಕೊಂಡವನ ಮೇಲೆ ಹೊರೆಯನ್ನು ಹೊರಿಸಿತು. 2018ರ ಫೆಬ್ರವರಿ 6ರಂದು ಸರ್ವೋಚ್ಚ ನ್ಯಾಯಾಲಯವು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ನೋಂದಣಿಯಲ್ಲಿ ಹೆಸರಿದ್ದವನೇ ಹೊಣೆಗಾರನೆಂದು ನಿರ್ಣಯಿಸಿತು. ಕಾರನ್ನು ಮಾರಿ ಎರಡು ವರ್ಷಕ್ಕೆ ಹತ್ತಿರವಾಗಿದ್ದವನು, ಚಾಲಕನ ಮುಖವನ್ನೇ ಕಂಡಿರದಿದ್ದರೂ ಇರಬಹುದಾದವನು, ಒಂದು ಮಗುವಿನ ಮರಣಕ್ಕೆ ಪರಿಹಾರ ತೆರಬೇಕಾಯಿತು.

ಇದು ಅನ್ಯಾಯವಲ್ಲವೇ ಎಂದು ಮೊದಲ ಓದಿಗೆ ತೋರಬಹುದು. ನಾವು ಹಾಗೆ ಭಾವಿಸುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 2ನೆಯ ಕಲಮಿನ 30ನೆಯ ಉಪಕಲಮು, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿರುವುದೋ ಅವನೇ ಮಾಲೀಕನೆಂದು ಸ್ಪಷ್ಟವಾಗಿ ಹೇಳಿದೆ. ಸಾಲದ ಒಡಂಬಡಿಕೆಯ ಮೇಲೆ ವಾಹನವನ್ನು ಇಟ್ಟುಕೊಂಡಿರುವವನ ವಿಷಯದಲ್ಲಿಯೂ, ಅಪ್ರಾಪ್ತ ವಯಸ್ಕನ ವಿಷಯದಲ್ಲಿಯೂ ಮಾತ್ರ ಬೇರೆ ಏರ್ಪಾಡುಂಟು. ಮಾರುವವನಿಗೂ ಕೊಳ್ಳುವವನಿಗೂ ನಡುವೆ, ಹಣ ಸಂದು ವಾಹನವನ್ನು ಒಪ್ಪಿಸಿದಾಗಲೇ ವ್ಯಾಪಾರವು ಮುಗಿದಿರಬಹುದು. ಆದರೆ ಬೀದಿಯಲ್ಲಿ ಪೆಟ್ಟು ತಿಂದವನು ಆ ವ್ಯಾಪಾರಕ್ಕೆ ಸಾಕ್ಷಿಯೂ ಅಲ್ಲ, ಪಕ್ಷಗಾರನೂ ಅಲ್ಲ. ಅವನಿಗೆ ಕಾಣುವುದು ಬಂಡಿಯ ಮೇಲಣ ನಂಬರೊಂದೇ. ಆ ನಂಬರಿನಿಂದ ಒಂದು ಹೆಸರು ಸಿಕ್ಕಬೇಕು. ಐದು ಮಂದಿಯ ಮನೆ ಬಾಗಿಲನ್ನು ತಟ್ಟಿ, ಒಬ್ಬೊಬ್ಬರ ಖರೀದಿ ಚೀಟಿಯನ್ನೂ ಪರೀಕ್ಷಿಸುವ ಕಷ್ಟವು ಅವನ ಪಾಲಿಗೆ ಬರಕೂಡದು. ಇದೇ ತೀರ್ಪಿನ ತಿರುಳು. ಹಳೆಯ ಮಾಲೀಕನು ತಾನು ತೆತ್ತ ಹಣವನ್ನು ಕೊಂಡವನಿಂದ ವಸೂಲು ಮಾಡಲು ಬೇರೆ ದಾವೆಯನ್ನು ಹೂಡಬಹುದು. ಆದರೆ ಅಷ್ಟರಲ್ಲಿ ಕೊಂಡವನು ಯಾವ ಊರಿನಲ್ಲಿರುವನೋ, ಅವನ ಬಳಿ ಏನು ಉಳಿದಿರುವುದೋ!

ಹಾಗಾದರೆ ಮಾರುವವನ ಕರ್ತವ್ಯವೇನು? ಹೆಸರು ಬದಲಾಯಿಸಿಕೊಳ್ಳುವುದು ಕೊಂಡವನ ಕೆಲಸವೆಂಬುದು ನಮ್ಮ ನಗರದಲ್ಲಿ ಬೇರೂರಿರುವ ನಂಬಿಕೆ. ಕಾಯಿದೆಯ 50ನೆಯ ಕಲಮು ಮೊದಲ ಕರ್ತವ್ಯವನ್ನು ಮಾರುವವನ ಮೇಲೆಯೇ ಇಟ್ಟಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗಾಂಧಿಬಜಾರಿನ ಬಳಿ ವಾಸಿಸುವ ನಿವೃತ್ತ ಅಧಿಕಾರಿಗಳೊಬ್ಬರು, ಕೆಎ 05 ಎಂದು ಆರಂಭವಾಗುವ ನಂಬರಿನ ತಮ್ಮ ಸ್ಕೂಟರನ್ನು ಜೂನ್ 1ರಂದು ಮಲ್ಲೇಶ್ವರದ ತರುಣನೊಬ್ಬನಿಗೆ ಮಾರಿದರೆಂದಿಟ್ಟುಕೊಳ್ಳೋಣ. ಆ ದಿನದಿಂದ 14 ದಿನಗಳೊಳಗೆ, ಎಂದರೆ ಜೂನ್ 15ರೊಳಗೆ, ಈ ಹಿರಿಯರು 29ನೆಯ ಫಾರಂನಲ್ಲಿ ಮಾರಾಟದ ವರದಿಯನ್ನು ಸಾರಿಗೆ ಕಚೇರಿಗೆ ಒಪ್ಪಿಸಿ, ಅದರ ಪ್ರತಿಯನ್ನು ಕೊಂಡವನಿಗೂ ಕಳುಹಿಸಬೇಕು. ಕೊಂಡ ತರುಣನು 30 ದಿನಗಳೊಳಗೆ, ಎಂದರೆ ಜುಲೈ 1ರೊಳಗೆ, ತನ್ನ ಕರ್ತವ್ಯವನ್ನು ಮುಗಿಸಬೇಕು. 30ನೆಯ ಫಾರಂ ಅದಕ್ಕಾಗಿಯೇ ಇರುವ ಅರ್ಜಿ, ಅದರಲ್ಲಿ ಇಬ್ಬರ ರುಜುವೂ ಬೇಕು. ಜೊತೆಗೆ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ, ಕೊಳ್ಳುವವನ ವಿಳಾಸದ ಆಧಾರ ಇವು ಬೇಕಾಗುತ್ತವೆ. ಬ್ಯಾಂಕಿನ ಸಾಲದಿಂದ ಕೊಂಡ ಬಂಡಿಯಾದರೆ, ಸಾಲ ತೀರಿತೆಂಬ 35ನೆಯ ಫಾರಂನ್ನು ಬ್ಯಾಂಕಿನಿಂದ ಪಡೆದು, ಆ ಋಣದ ನಮೂದನ್ನು ಮೊದಲು ತೆಗೆಯಿಸಬೇಕು. ಹೊರ ರಾಜ್ಯದಲ್ಲಿ ನೋಂದಣಿಯಾದ ಬಂಡಿಗೆ ಮಾತ್ರ ಮಾರುವವನ ಗಡುವು 45 ದಿನ. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು.

ಖಾಲಿ ಫಾರಂಗಳ ಮೇಲೆ ರುಜು ಹಾಕಿ ಕೊಡುವ ಪದ್ಧತಿಯ ಕೇಡು ಇರುವುದೇ ಇಲ್ಲಿ. ದಲ್ಲಾಳಿಯು ತನ್ನ ಹೆಸರಿಗೆ ಒಮ್ಮೆ, ಮುಂದಿನವನ ಹೆಸರಿಗೆ ಇನ್ನೊಮ್ಮೆ ಶುಲ್ಕ ಕಟ್ಟಲು ಇಚ್ಛಿಸುವುದಿಲ್ಲ. ಆದುದರಿಂದ ಕೊಳ್ಳುವವನ ಹೆಸರೂ ತಾರೀಖೂ ಇಲ್ಲದ ಫಾರಂಗಳು ಅವನ ಮೇಜಿನ ಖಾನೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಬಂಡಿಯಾದರೋ ಬೀದಿಯಲ್ಲಿ ಓಡುತ್ತಿರುತ್ತದೆ. ಆ ಅವಧಿಯಲ್ಲಿ ನಡೆದುದಕ್ಕೆಲ್ಲ ನಿವೃತ್ತ ಅಧಿಕಾರಿಗಳೇ ಕಾಗದದ ಯಜಮಾನರು. ಕೂಡುರಸ್ತೆಯ ಕ್ಯಾಮರಾ ತೆಗೆದ ಚಿತ್ರದ ಚಲನ್ ಅವರಿಗೇ ಬರುತ್ತದೆ. ಚಾಲಕನು ಯಾರೆಂದು ಪೊಲೀಸರು 133ನೆಯ ಕಲಮಿನಂತೆ ಕೇಳಿದಾಗ ಉತ್ತರ ಕೊಡಬೇಕಾದವರೂ ಅವರೇ. ಹದಿನಾರರ ಹುಡುಗನೊಬ್ಬನು ಆ ಸ್ಕೂಟರನ್ನು ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯಿಂದ ಬಂದ 199ಎ ಕಲಮು ಪೋಷಕನನ್ನಾಗಲಿ ವಾಹನದ ಮಾಲೀಕನನ್ನಾಗಲಿ ಹಿಡಿಯುತ್ತದೆ. ಶಿಕ್ಷೆಯು ಮೂರು ವರ್ಷದ ಸೆರೆಮನೆಯೂ 25,000 ರೂಪಾಯಿ ದಂಡವೂ ಆಗಬಹುದು. ತನಗೆ ತಿಳಿಯದೆ ನಡೆಯಿತೆಂದು ರುಜುವಾತು ಮಾಡಿದರೆ ಪಾರಾಗಬಹುದು ನಿಜ. ಆದರೆ ಆ ರುಜುವಾತಿನ ಭಾರ ಬೀಳುವುದು ಮಾರಿ ನಿಶ್ಚಿಂತರಾಗಿದ್ದವರ ಮೇಲೆಯೇ.

ವಿಮೆಯ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯುಂಟು. "ಮಾರಿದೆವಲ್ಲ, ವಿಮೆಯನ್ನು ರದ್ದು ಮಾಡಿಸೋಣ" ಎಂದು ಕೆಲವರು ಆತುರಪಡುತ್ತಾರೆ. ಹೆಸರು ಬದಲಾಗುವುದಕ್ಕೆ ಮುಂಚೆ ಹೀಗೆ ಮಾಡುವುದು ತನ್ನ ಕೊಡೆಯನ್ನು ತಾನೇ ಮಳೆಯಲ್ಲಿ ಎಸೆದಂತೆ. 157ನೆಯ ಕಲಮಿನಂತೆ, ಮಾಲೀಕತ್ವವು ವರ್ಗವಾದಾಗ ವಿಮೆಯೂ ಕೊಂಡವನಿಗೆ ವರ್ಗವಾಯಿತೆಂದು ಭಾವಿಸಲ್ಪಡುತ್ತದೆ. ಕೊಂಡವನು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಈ ಅನುಕೂಲವು ಬೀದಿಯಲ್ಲಿ ಗಾಯಗೊಂಡ ಮೂರನೆಯವರ ಪರಿಹಾರಕ್ಕೆ ಮಾತ್ರ. ಬಂಡಿಗೇ ಆದ ನಷ್ಟಕ್ಕೆ ಅದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 1995ರಷ್ಟು ಹಿಂದೆಯೇ ತೀರ್ಮಾನಿಸಿದೆ. ಮಾರುವವನಿಗೆ ಮುಖ್ಯವಾದುದು ಮೊದಲನೆಯ ಭಾಗ. ವಿಮೆಯು ಚಾಲ್ತಿಯಲ್ಲಿದ್ದರೆ, ಹೆಸರು ಬದಲಾಗದಿದ್ದರೂ ಪರಿಹಾರವನ್ನು ಕೊಡಲು ಕಂಪನಿಯಿರುತ್ತದೆ. ವಿಮೆಯೂ ಇಲ್ಲ, ಹೆಸರೂ ಬದಲಾಗಿಲ್ಲ ಎಂದಾದರೆ, ನಾವು ಮೇಲೆ ಹೇಳಿದ ಮೊಕದ್ದಮೆಯ ಮಾಲೀಕನ ಗತಿಯೇ.

ಅಂಗಡಿಗೆ ಮಾರುವವರಿಗೆ ಒಂದು ಹೊಸ ರಕ್ಷಣೆ ದೊರೆತಿದೆ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ನಿಯಮಗಳನ್ನು ತಿದ್ದಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅವುಗಳಂತೆ, ಸಾರಿಗೆ ಕಚೇರಿಯ ಅಧಿಕಾರ ಪತ್ರವನ್ನು ಪಡೆದಿರುವ ಹಳೆಯ ವಾಹನಗಳ ವ್ಯಾಪಾರಿಗೆ ಬಂಡಿಯನ್ನೊಪ್ಪಿಸಿ, 29ಸಿ ಫಾರಂನ ಮೂಲಕ ಕಚೇರಿಗೆ ತಿಳಿಸಿದ ಮೇಲೆ, ಆ ವ್ಯಾಪಾರಿಯೇ ಮಾಲೀಕನೆಂದು ಗಣಿಸಲ್ಪಡುತ್ತಾನೆ. ಆದುದರಿಂದ ಮಾರುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, "ನಿಮ್ಮಲ್ಲಿ ಅಧಿಕಾರ ಪತ್ರವುಂಟೇ? 29ಸಿ ಇಂದೇ ಆಗುವುದೇ?" ಎಂಬುದು. ಬೀದಿಯ ಮೂಲೆಯ ದಲ್ಲಾಳಿಗೆ ಈ ನಿಯಮವು ಅನ್ವಯಿಸುವುದಿಲ್ಲ.

ಬಂಡಿಯನ್ನೊಪ್ಪಿಸುವಾಗ ತಾರೀಖು, ಗಂಟೆ, ಓಡಿದ ಕಿಲೋಮೀಟರು ಇವನ್ನು ಬರೆದು, ಕೊಂಡವನ ರುಜುವನ್ನೂ ಗುರುತಿನ ಪತ್ರದ ಪ್ರತಿಯನ್ನೂ ಪಡೆದಿಟ್ಟುಕೊಳ್ಳುವುದು ಒಳ್ಳೆಯದೇ. ಅಂದಿನಿಂದೀಚಿನ ಚಲನ್‌ಗಳನ್ನು ತಕರಾರು ಮಾಡಲೂ, ಕೊಂಡವನ ಮೇಲೆ ದಾವೆ ಹೂಡಲೂ ಅದು ಸಾಕ್ಷ್ಯವಾಗುತ್ತದೆ. ಆದರೆ ಗಾಯಗೊಂಡವನ ಮುಂದೆ ಅದು ಗುರಾಣಿಯಾಗದು. ಗುರಾಣಿಯಾಗುವುದು ದಾಖಲೆಯಲ್ಲಿನ ಹೆಸರೊಂದೇ. ಆದಕಾರಣ ಮಾರಿದ ಒಂದು ತಿಂಗಳ ಮೇಲೆ ಪರಿವಾಹನ್ ಜಾಲತಾಣದಲ್ಲಿ ಬಂಡಿಯ ನಂಬರನ್ನು ಕೊಟ್ಟು ನೋಡಬೇಕು. ಹೊಸ ಹೆಸರು ಕಾಣದಿದ್ದರೆ, ವರದಿಯ ಪ್ರತಿಯೊಡನೆ ಕಚೇರಿಗೆ ಹೋಗಬೇಕು.

ಸರ್ಕಾರಕ್ಕೂ ಒಂದು ಮಾತನ್ನು ಹೇಳಬೇಕಾಗಿದೆ. ಮಾರುವವನ ವರದಿಯೊಂದರ ಮೇಲೆಯೇ ವರ್ಗಾವಣೆಯನ್ನು ನಮೂದಿಸಲು 50ನೆಯ ಕಲಮಿನ 6ನೆಯ ಉಪಕಲಮು ಅಧಿಕಾರಿಗೆ ಅವಕಾಶವನ್ನಿತ್ತಿದೆ. ಆದರೆ ಅಲ್ಲಿರುವುದು "ನಮೂದಿಸಬಹುದು" ಎಂಬ ಮಾತು, "ನಮೂದಿಸತಕ್ಕದ್ದು" ಎಂಬುದಲ್ಲ. ಹದಿನಾಲ್ಕು ದಿನದೊಳಗೆ ತನ್ನ ಕರ್ತವ್ಯವನ್ನು ಮುಗಿಸಿದ ಪ್ರಾಮಾಣಿಕನನ್ನು, ಕೊಂಡವನ ಸೋಮಾರಿತನಕ್ಕಾಗಿ ಹೊಣೆಯಲ್ಲಿ ನಿಲ್ಲಿಸುವುದು ಉಚಿತವಲ್ಲ. ವ್ಯಾಪಾರಿಗೆ ಒಪ್ಪಿಸಿದವನಿಗೆ ಕೊಟ್ಟ ರಕ್ಷಣೆಯನ್ನು ನೆರೆಯವನಿಗೆ ಮಾರಿದವನಿಗೂ ವಿಸ್ತರಿಸಿದರೆ ಕಾಯಿದೆಯು ಸಮವಾಗುವುದು. ಅಂತಹ ತಿದ್ದುಪಡಿಯಾಗುವ ತನಕ, ಖಾಲಿ ಫಾರಂಗೆ ರುಜು ಹಾಕುವ ಲೇಖನಿಯನ್ನು ನಮ್ಮ ನಾಗರಿಕರು ಕೆಳಗಿಡುವರೆಂದು ನಂಬುತ್ತೇವೆ.