ಸ್ವಚ್ಛ ಚಿತ್ರದ ಸೋಮಾರಿತನ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು, ಕೆ.ಆರ್. ನಗರದ ಭತ್ತ, ಎಚ್.ಡಿ. ಕೋಟೆಯ ಹತ್ತಿ, ಎಲ್ಲವೂ ಮೋಡದಡಿಯಲ್ಲೇ ಬೆಳೆಯುವ ಬೆಳೆಗಳು. ಅವುಗಳ ಸ್ಥಿತಿಗತಿ ಬರೆಯಬೇಕಾದ ನಾವೋ ಮೋಡವೆಂದರೆ ಮುಖ ತಿರುಗಿಸುತ್ತೇವೆ. ‘ಮೋಡ ಶೇ 20ಕ್ಕಿಂತ ಕಡಿಮೆ’ ಎಂದು ಸೋಸಿ, ಉಳಿದುದರಲ್ಲಿ ಮೊದಲನೆಯ ಉಪಗ್ರಹ ಚಿತ್ರವನ್ನು ವರದಿಗೆ ಅಂಟಿಸಿ ಕೈ ತೊಳೆದುಕೊಳ್ಳುತ್ತೇವೆ. ಹಿಂದೆ ಪಹಣಿಗೆ ಬೆಳೆ ಬರೆಯುವವರು ಬದುವಿನ ಮೇಲೆ ನಿಲ್ಲಬೇಕಿತ್ತು. ತಪ್ಪು ಬರೆದರೆ ರೈತ ಎದುರಿಗೇ ಕೇಳುತ್ತಿದ್ದ. ಇಂದು ನಮ್ಮನ್ನು ಕೇಳುವವರಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ.

ಆ ಶೇಕಡಾವಾರು ಯಾವುದರದ್ದೆಂದು ನಮಗೆ ಗೊತ್ತಿಲ್ಲವೆ? ಸೆಂಟಿನೆಲ್-2ರ ಒಂದು ಹಾಳೆ 110 ಕಿ.ಮೀ. ಉದ್ದ, ಅಷ್ಟೇ ಅಗಲ. ನಾಗರಹೊಳೆ ಕಾಡಿನ ಮೇಲೆ ಕುಳಿತ ಮೋಡವೂ ಅದರ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಹೊಲ ಎರಡು ಎಕರೆ. ಹತ್ತು ಮೀಟರ್ ಚೌಕದಲ್ಲಿ ಎಣಿಸಿದರೆ ಸುಮಾರು 80 ಚುಕ್ಕಿ. ಪಕ್ಕದ ಹೊಲದ ಬಣ್ಣ ಬೆರೆತ ಅಂಚಿನವನ್ನು ಕಳೆದರೆ ಉಳಿಯುವುದು ಐವತ್ತರ ಆಸುಪಾಸು. ನೋಡಬೇಕಾದದ್ದು ಆ ಐವತ್ತನ್ನು. ನಾವು ನೋಡುವುದು ಇಡೀ ಸೀಮೆಯ ಆಕಾಶವನ್ನು.

ಪಿರಿಯಾಪಟ್ಟಣದ ಇಂಥದೊಂದು ಹೊಗೆಸೊಪ್ಪಿನ ಹೊಲಕ್ಕೆ ಮೂರು ಚಿತ್ರ ಸಿಕ್ಕಿವೆ ಎನ್ನಿ. ಫೆಬ್ರುವರಿಯದರಲ್ಲಿ ಮೋಡ ಸೊನ್ನೆ, ಆಗಸ್ಟ್‌ನದರಲ್ಲಿ ಶೇ 8, ಜುಲೈನದರಲ್ಲಿ ಶೇ 60. ನಮ್ಮ ಅಭ್ಯಾಸಬಲ ಇದೇ ಕ್ರಮದಲ್ಲಿ ಜೋಡಿಸುತ್ತದೆ. ಮೊದಲು ಸರ್ವೆ ನಂಬರಿನ ಗಡಿಗೆ ಕತ್ತರಿಸಿ ನೋಡಿದ್ದರೆ? ಜುಲೈ ಚಿತ್ರದ ಮೋಡವೆಲ್ಲ ಹೊಲದಾಚೆ. ಎಲೆ ತುಂಬಿದ ಸಾಲುಗಳ ಮೇಲೆ ಬಿಸಿಲಿದೆ. ಅದೇ ಮೊದಲನೆಯದು. ಆಗಸ್ಟ್‌ನದರಲ್ಲಿ ಮೋಡ ಪೂರ್ವದ ಹೊಲದ ಮೇಲಿದೆ, ನೆರಳು ಮಾತ್ರ ನಮ್ಮ ಹೊಲದ ಮೇಲೆ. ಉಪಗ್ರಹ ಹಾಯುವುದು ಬೆಳಗಿನ ಹತ್ತೂವರೆಯ ಸುಮಾರಿಗೆ, ಆದ್ದರಿಂದ ನೆರಳು ಪಶ್ಚಿಮಕ್ಕೆ ಬೀಳುತ್ತದೆ. ಕಪ್ಪು ಮಚ್ಚೆಯ ಪೂರ್ವಕ್ಕೆ ಅದೇ ಆಕಾರದ ಮೋಡ ಕಂಡರೆ ಅದು ಬೆಳೆಯ ರೋಗವಲ್ಲ. ಈ ಚಿತ್ರ ತಿಪ್ಪೆಗೆ. ಫೆಬ್ರುವರಿಯದು ಬರೀ ಮಣ್ಣು. ಬದುವಿನ ಗೆರೆ ತಿದ್ದಲು ಸಾಕು, ಬೆಳೆಗೆ ಸಾಕ್ಷಿಯಲ್ಲ.

ಚಿತ್ರದ ಜೊತೆಗೇ ಬರುವ `SCL` ಪದರದಲ್ಲಿ 3 ನೆರಳು, 8 ಮತ್ತು 9 ಮೋಡ, 10 ತೆಳುಮೋಡ ಎಂದು ಗುರುತಿಸಿಟ್ಟಿದ್ದಾರೆ. ಅದನ್ನು ತೆರೆಯುವ ವ್ಯವಧಾನವೂ ನಮಗಿಲ್ಲ. ತೆರೆದವರು ಕಣ್ಣು ಮುಚ್ಚಿ ನಂಬುತ್ತಾರೆ. ಹೊಳೆಯುವ ತಗಡಿನ ಸೂರನ್ನು ಅದು ಮೋಡವೆನ್ನುವುದುಂಟು, ತೆಳುಮೋಡವನ್ನು ಬಿಟ್ಟುಬಿಡುವುದೂ ಉಂಟು. ಆ ತೆಳುಪೊರೆಯ ಕೆಳಗೆ ಹಸಿರು ಸೂಚ್ಯಂಕ ಇಳಿದು, ಚೆನ್ನಾಗಿರುವ ಬೆಳೆ ಸೊರಗಿದಂತೆ ಕಾಣುತ್ತದೆ. ಅದಕ್ಕೇ ಕೊನೆಯ ತೀರ್ಪನ್ನು ಕಣ್ಣು ಕೊಡಬೇಕು.

ಯಾವ ಚಿತ್ರವೂ ಕೆಲಸಕ್ಕೆ ಬಾರದಿದ್ದರೆ ‘ಚಿತ್ರವಿಲ್ಲ’ ಎಂದು ಬರೆದು ಹೊಲಕ್ಕೆ ಹೋಗಬೇಕು. ಅದಾಗುವುದಿಲ್ಲ, ಏಕೆಂದರೆ ಖಾಲಿ ಕಾಲಂ ನಮಗೆ ನಾಚಿಕೆ, ಸುಳ್ಳು ತುಂಬಿದ ಕಾಲಂ ನಾಚಿಕೆಯಲ್ಲ. ನೆರಳನ್ನು ರೋಗವೆಂದೂ ಬರಿ ಮಣ್ಣನ್ನು ಬಿತ್ತದ ಹೊಲವೆಂದೂ ಬರೆದವರು ಸಂಬಳ ಎಣಿಸಿಕೊಳ್ಳುತ್ತೇವೆ. ನಷ್ಟವನ್ನು ಬಿತ್ತಿದವನು ಎಣಿಸುತ್ತಾನೆ.