ಸೆಕಿ, ಮಳಿ, ಚಳಿ

ಮೇ ತಿಂಗಳ ಮಧ್ಯಾಹ್ನ ಕುಂದಾಪುರದಲ್ಲಿ ಬಸ್ಸಿಗೆ ಕಾಯುವವರ ನಡುವೆ ಮಾತು ಶುರುವಾಗುವುದೇ ಹೀಗೆ: "ಹ್ವಾಯ್, ಎಂತಾ ಸೆಕಿ ಮಾರ್ರೆ, ಕೂಕಂಬುಕಾತಿಲ್ಲೆ." ಆಗ ತಾಪಮಾನ 34 ಡಿಗ್ರಿಯ ಆಸುಪಾಸು ಇದ್ದೀತು. ರಾಯಚೂರಿನಲ್ಲಿ 40 ದಾಟಿದರೂ ಅದು ಒಣ ಬಿಸಿಲು; ಬೆವರು ಬೇಗ ಆರಿ ಮೈಯ ಕಾವನ್ನು ಒಯ್ಯುತ್ತದೆ. ಕಡಲ ಬದಿಯ ಗಾಳಿಯಲ್ಲಿ ನೀರಿನಂಶ ಮೊದಲೇ ತುಂಬಿರುವುದರಿಂದ ಬೆವರು ಆರದೆ ಮೈಗಂಟಿಕೊಂಡೇ ಇರುತ್ತದೆ. ಅದಕ್ಕೇ ಇಲ್ಲಿಯವರು ದೂರುವುದು ಬಿಸಿಲನ್ನಲ್ಲ, ಸೆಕೆಯನ್ನು.

ಈ ದೂರಿನೊಳಗೆ ಒಂದು ಮುನ್ಸೂಚನೆಯೂ ಇದೆ. ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಹರವಿದ ಮನೆಯಲ್ಲಿ, ಗಾಳಿ ನಿಂತು ಸೆಕೆ ಏರಿತೆಂದರೆ ಹಿರಿಯರ ಕಣ್ಣು ಘಟ್ಟದ ಕಡೆಗೆ ಹೊರಳುತ್ತದೆ. "ಮೂಡ್ ಬದಿ ಕಪ್ಪಾಯ್ತ್" ಎಂದರೆ ಚಾಪೆ ಮಡಚಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಕಟ್ಟಿ ಕಡಲಿನತ್ತ ಇಳಿಯುತ್ತದೆ. ಜೂನ್ ಬಂದ ಮೇಲೆ ದಿಕ್ಕು ತಿರುಗುತ್ತದೆ. ಆಗ ಕಪ್ಪಾಗುವುದು ಪಡು ಬದಿ, ಕಡಲ ಮೇಲೆ. ಬೈಂದೂರಿನ ಆಚೀಚೆ ಘಟ್ಟ ಕಡಲಿಗೆ ಬಹಳ ಹತ್ತಿರ ಬಂದಿದೆ. ಹೀಗಾಗಿ ಅಲ್ಲಿ ಮೋಡ ಕಂಡದ್ದಕ್ಕೂ ಹನಿ ಬಿದ್ದದ್ದಕ್ಕೂ ನಡುವೆ ಹೆಚ್ಚು ಹೊತ್ತು ಸಿಕ್ಕುವುದಿಲ್ಲ.

ಆಮೇಲೆ "ಮಳಿ ಹೊಯ್ತಿತ್ತ್" ಎನ್ನುವ ದಿನಗಳು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳಕ್ಕೆ 115.6 ಮಿಲಿಮೀಟರ್ ಬಿತ್ತೆಂದರೆ ಹನ್ನೊಂದೂವರೆ ಸಾವಿರ ಲೀಟರ್ ನೀರು. ಆದರೆ ಆಗಷ್ಟೇ ನಟ್ಟ ಗದ್ದೆಗೆ ದಿನದ ಮೊತ್ತ ಒಂದೇ ಸಾಲದು. ಅಷ್ಟೇ ನೀರು ಹಗಲು ರಾತ್ರಿ ಹಂಚಿ ಬಿದ್ದರೆ ಸಸಿ ನಿಲ್ಲುತ್ತದೆ, ಎರಡು ಗಂಟೆಯಲ್ಲಿ ಹೊಯ್ದರೆ ಕಂಟ ಒಡೆಯುತ್ತದೆ. ಬಾಗಿಲಲ್ಲಿ ನಿಂತು ಮಳೆಯ ಸದ್ದು ಕೇಳಿದವರ ಮಾತು ಈ ರಭಸವನ್ನೇ ಹೇಳುತ್ತದೆ.

ಇನ್ನು ಚಳಿ. ನೀರು ಹೆಪ್ಪುಗಟ್ಟುವ ಚಳಿ ಈ ಕರಾವಳಿಗಿಲ್ಲ, ಆದರೂ "ಚಳಿ ಆತ್ತ್" ಎನ್ನುವ ಕಾಲ ಎರಡಿವೆ. ಆಸಾಡಿಯದು ಒದ್ದೆ ಚಳಿ: "ವಸ್ತ್ರ ಒಣಗ್ತಿಲ್ಲೆ" ಎಂಬ ಕಿರಿಕಿರಿ ಅದರ ಜೊತೆಗೇ ಬರುತ್ತದೆ. ಡಿಸೆಂಬರ್ ಬೆಳಗ್ಗಿನದು ನೆಲದ ಕಡೆಯಿಂದ ಕಡಲಿಗೆ ಬೀಸುವ ಒಣ ಗಾಳಿಯದು. ತುಟಿ ಒಡೆಯುತ್ತದೆ, ಬಟ್ಟೆ ಬೇಗ ಒಣಗುತ್ತದೆ. ಯಾವ ತಿಂಗಳಲ್ಲಿ ಆಡಿದ್ದೆಂದು ಬರೆಯದೆ ಮಾತನ್ನಷ್ಟೇ ಬರೆದಿಟ್ಟರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಮಳೆ, ಸೆಕೆ, ಚಳಿಯ ಬಗ್ಗೆ ಆಡುವ ಮಾತುಗಳನ್ನು ಬರೆದು ಕಳಿಸಿ. ಊರು, ತಿಂಗಳು, ಮಾತು ಬಂದಾಗ ನಡೆಯುತ್ತಿದ್ದ ಕೆಲಸ, ಇಷ್ಟನ್ನೂ ಸೇರಿಸಿ. ಉಚ್ಚಾರಣೆಯನ್ನು ತಿದ್ದಬೇಡಿ.